ಪೇಪರ್ ಓದುವಾಗ ಟೇಬಲ್‌ನ ಕೊನೇ ಸಾಲು ಮೊದಲು ನೋಡಿ

ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಯಾರೋ ಒಂದು ಪಿಡಿಎಫ್ ಹಾಕ್ತಾರೆ. ಕೆಳಗೆ ಒಂದು ಸಾಲು: ‘ರಾಗಿಗೆ ಈ ದ್ರಾವಣ ಹೊಡೆದ್ರೆ ಇಳುವರಿ ಶೇ. 14.7 ಜಾಸ್ತಿ, ಜರ್ನಲ್‌ನಲ್ಲೇ ಬಂದಿದೆ.’ ನೀವು ಅಗ್ರಿ ಮುಗಿಸಿ ಈಗಷ್ಟೇ ಎಂ.ಎಸ್ಸಿ.ಗೆ ಸೇರಿದ್ದೀರಿ. ಚಿಕ್ಕಪ್ಪ ಫೋನ್ ಮಾಡಿ, ‘ನೀನೇ ನೋಡಿ ಹೇಳಪ್ಪ, ಈ ಸಲ ಹೊಡೀಬಹುದಾ?’ ಅಂತ ಕೇಳ್ತಾರೆ.

ಹೆಚ್ಚಿನವರು ಇಲ್ಲಿ ಏನು ಮಾಡ್ತೀವಿ? ಪೇಪರಿನ ಸಾರಾಂಶ ಓದಿ, ಕೊನೆಯ ತೀರ್ಮಾನ ಓದಿ, ‘ಹೌದು ಚಿಕ್ಕಪ್ಪ, ರಿಸಲ್ಟ್ ಚೆನ್ನಾಗಿದೆ’ ಅಂದುಬಿಡ್ತೀವಿ. ನನ್ನ ಪ್ರಕಾರ ಇದು ತಲೆಕೆಳಗಾದ ಓದು. ಸಾರಾಂಶ ಅಂದ್ರೆ ಲೇಖಕರು ತಮ್ಮ ಪ್ರಯೋಗದ ಬಗ್ಗೆ ಹೇಳಿಕೊಳ್ಳುವ ಮಾತು. ಹೊಲ ಏನು ಹೇಳ್ತು ಅನ್ನೋದು ಇಳುವರಿ ಟೇಬಲ್‌ನ ತಳದಲ್ಲಿರುತ್ತೆ. ಓದೋದನ್ನ ಅಲ್ಲಿಂದ ಶುರು ಮಾಡಿ.

ಲೆಕ್ಕಕ್ಕಾಗಿ ಒಂದು ಪೇಪರ್ ಕಲ್ಪಿಸಿಕೊಳ್ಳೋಣ. ಅಂಕಿಗಳು ನಾನು ಹಾಕಿಕೊಂಡವು, ಆದರೆ ಇಂಥ ಟೇಬಲ್ ನಿಮಗೆ ದಿನಾ ಸಿಗುತ್ತೆ. ಮಳೆಯಾಶ್ರಿತ ರಾಗಿ, ಎಂಟು ಟ್ರೀಟ್‌ಮೆಂಟ್, ಮೂರು ರೆಪ್ಲಿಕೇಶನ್, ಆರ್.ಸಿ.ಬಿ.ಡಿ. ವಿನ್ಯಾಸ. ನಮಗೆ ಬೇಕಾದ ನಾಲ್ಕು ಸಾಲು ಇವು, ಹೆಕ್ಟೇರಿಗೆ ಕೆ.ಜಿ. ಲೆಕ್ಕದಲ್ಲಿ:

ಟಿ1, ಶಿಫಾರಸು ಗೊಬ್ಬರ ಮಾತ್ರ: 2,780
ಟಿ4, ಗೊಬ್ಬರ + ಶೇ. 2ರ ಯೂರಿಯಾ ಎರಡು ಸಲ ಸಿಂಪರಣೆ: 3,020
ಟಿ6, ಗೊಬ್ಬರ + ಹೊಸ ದ್ರಾವಣ ಎರಡು ಸಲ: 3,140
ಟಿ8, ಗೊಬ್ಬರ + ಹೊಸ ದ್ರಾವಣ + ಯೂರಿಯಾ, ಎರಡೂ ಎರಡು ಸಲ: 3,190
S.Em±: 120
CD (P=0.05): 364

ಸಾರಾಂಶದಲ್ಲಿ ಹೀಗಿದೆ ಅಂತಿಟ್ಟುಕೊಳ್ಳಿ: ‘ಟಿ8ರಲ್ಲಿ ಅತಿ ಹೆಚ್ಚು ಇಳುವರಿ, ಟಿ1ಕ್ಕಿಂತ ಶೇ. 14.7 ಅಧಿಕ. ಆದ್ದರಿಂದ ಹೊಸ ದ್ರಾವಣವನ್ನು ರೈತರಿಗೆ ಶಿಫಾರಸು ಮಾಡಬಹುದು.’ ಶೇಕಡಾ ಲೆಕ್ಕ ಸರಿಯಾಗೇ ಇದೆ. ಈಗ ಕೊನೇ ಸಾಲಿಗೆ ಬನ್ನಿ.

ಸಿ.ಡಿ. ಅಂದ್ರೆ ನಿರ್ಣಾಯಕ ವ್ಯತ್ಯಾಸ. ಎರಡು ಟ್ರೀಟ್‌ಮೆಂಟ್ ನಿಜಕ್ಕೂ ಒಂದೇ ಆಗಿದ್ರೂ ಮಣ್ಣು, ನೀರು, ಹಕ್ಕಿ, ಕಳೆ ಇವುಗಳಿಂದ ಒಂದಿಷ್ಟು ಏರುಪೇರು ಬಂದೇ ಬರುತ್ತೆ. ಹಾಗೆ ಬರೋ ವ್ಯತ್ಯಾಸ ನೂರು ಪ್ರಯೋಗದಲ್ಲಿ ಸುಮಾರು ಐದರಲ್ಲಿ ಮಾತ್ರ ಈ ಅಂಕಿ ದಾಟುತ್ತೆ. ಅದಕ್ಕೇ ಎರಡು ಸರಾಸರಿಗಳ ನಡುವಿನ ಅಂತರ ಸಿ.ಡಿ.ಗಿಂತ ಕಡಿಮೆ ಇದ್ರೆ ‘ಆನ್ ಪಾರ್’, ಅಂದ್ರೆ ಈ ಪ್ರಯೋಗದಿಂದ ಎರಡನ್ನೂ ಬೇರೆ ಅಂತ ಹೇಳೋಕಾಗಲ್ಲ ಅಂತೀವಿ. ಸಿ.ಡಿ. ಕೊಡದೆ S.Em ಮಾತ್ರ ಕೊಟ್ಟಿದ್ರೆ ಅದನ್ನ ಮೂರರಿಂದ ಗುಣಿಸಿ, ಸಿ.ಡಿ. ಹೆಚ್ಚುಕಡಿಮೆ ಸಿಗುತ್ತೆ. ಇಲ್ಲಿ 120ರ ಮೂರು ಪಟ್ಟು 360, ಟೇಬಲ್‌ನಲ್ಲಿ 364. ಅಂಕಿಗಳ ಪಕ್ಕ ಎ, ಬಿ, ಎಬಿ ಅಂತ ಅಕ್ಷರ ಇರೋ ಪೇಪರ್‌ಗಳಲ್ಲೂ ತಿರುಳು ಇದೇ: ಒಂದು ಅಕ್ಷರವಾದರೂ ಸಮಾನವಾಗಿದ್ರೆ ಅವೆರಡನ್ನೂ ಬೇರೆ ಮಾಡೋಕೆ ಬರಲ್ಲ.

ಈಗ ಕಳೆಯೋ ಲೆಕ್ಕ ಮಾಡಿ. ಟಿ8ರಿಂದ ಟಿ1 ಕಳೆದ್ರೆ 410. ಇದು 364 ದಾಟಿದೆ, ಸರಿ. ಆದರೆ ಈ ಎರಡರ ನಡುವೆ ಬದಲಾಗಿದ್ದು ದ್ರಾವಣ ಒಂದೇ ಅಲ್ಲ, ಯೂರಿಯಾ ಕೂಡ. ಹೆಕ್ಟೇರಿಗೆ 500 ಲೀಟರ್ ನೀರಿನಲ್ಲಿ ಶೇ. 2 ಅಂದ್ರೆ ಒಂದು ಸಲಕ್ಕೆ 10 ಕೆ.ಜಿ. ಯೂರಿಯಾ. ಎರಡು ಸಲಕ್ಕೆ ಸುಮಾರು 9 ಕೆ.ಜಿ. ಸಾರಜನಕ ಟಿ8ಕ್ಕೆ ಹೆಚ್ಚುವರಿಯಾಗಿ ಸಿಕ್ಕಿದೆ, ಟಿ1ಕ್ಕೆ ಸಿಕ್ಕಿಲ್ಲ. ದ್ರಾವಣದ ಕೆಲಸ ತಿಳೀಬೇಕಾದ್ರೆ ಟಿ8ನ್ನ ಹೋಲಿಸಬೇಕಾದ್ದು ಟಿ4ರ ಜೊತೆ, ಯಾಕಂದ್ರೆ ಅವೆರಡರ ನಡುವೆ ದ್ರಾವಣ ಮಾತ್ರ ಬೇರೆ. ಅಲ್ಲಿ ಅಂತರ 170. ಸಿ.ಡಿ.ಯ ಅರ್ಧಕ್ಕೂ ಬರಲಿಲ್ಲ.

ಇನ್ನೊಂದು ನ್ಯಾಯವಾದ ಹೋಲಿಕೆ ಟಿ6 ಮತ್ತು ಟಿ1. ಅಂತರ 360, ಸಿ.ಡಿ. 364. ನಾಲ್ಕೇ ಕೆ.ಜಿ.ಯಲ್ಲಿ ತಪ್ಪಿಹೋಯ್ತು! ಹಾಗಂತ ‘ದ್ರಾವಣ ದಂಡ’ ಅನ್ನೋಕೂ ಬರಲ್ಲ. 364 ಇದ್ರೆ ಸತ್ಯ, 360 ಇದ್ರೆ ಸುಳ್ಳು ಅನ್ನೋ ಹಾಗೆ ಹೊಲ ನಡೆಯಲ್ಲ. ಈ ಇಪ್ಪತ್ತಕ್ಕೊಂದು ಅನ್ನೋ ಗೆರೆಯನ್ನ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಆರ್.ಎ. ಫಿಶರ್ 1926ರಲ್ಲಿ ಹೊಲದ ಪ್ರಯೋಗಗಳ ಬಗ್ಗೆ ಬರೆದ ಲೇಖನದಲ್ಲಿ ಅನುಕೂಲಕ್ಕೆ ಅಂತ ಇಟ್ಟುಕೊಂಡದ್ದು. ಅಷ್ಟು ಸಾಲದು ಅನ್ನುವವರು ಐವತ್ತಕ್ಕೊಂದು, ನೂರಕ್ಕೊಂದು ಇಟ್ಟುಕೊಳ್ಳಲಿ ಅಂತ ಅವರೇ ಅದೇ ಲೇಖನದಲ್ಲಿ ಹೇಳಿದ್ದಾರೆ. ಗೆರೆಯನ್ನ ಮಾಡಿದವರೇ ಅದನ್ನ ಕಲ್ಲಿನ ಗೆರೆ ಅಂದುಕೊಂಡಿರಲಿಲ್ಲ.

ಹಾಗಾದ್ರೆ ಈ ಪೇಪರ್ ಪ್ರಾಮಾಣಿಕವಾಗಿ ಹೇಳಬಹುದಾದ್ದು ಇಷ್ಟು: ‘ದ್ರಾವಣದಿಂದ ಲಾಭ ಇರಬಹುದು, ಈ ಪ್ರಯೋಗದಿಂದ ಗೊತ್ತಾಗಲಿಲ್ಲ.’ ಸಾರಾಂಶದ ಮಾತಿಗೂ ಇದಕ್ಕೂ ಎಷ್ಟು ದೂರ ನೋಡಿ.

ಗೆದ್ದಿರೋ 410ನ್ನೂ ಹಾಗೇ ನಂಬಬೇಡಿ. ಅದರಿಂದ 364 ಕಳೆಯಿರಿ, ಆಮೇಲೆ 410ಕ್ಕೇ 364 ಕೂಡಿಸಿ. 46ರಿಂದ 774. ನಿಜವಾದ ಹೆಚ್ಚಳ ಇಷ್ಟರ ಒಳಗೆ ಎಲ್ಲಿ ಬೇಕಾದ್ರೂ ಇರಬಹುದು ಅಂತ ಪ್ರಯೋಗ ಹೇಳ್ತಿದೆ. ಎಕರೆಗೆ ತಂದ್ರೆ ಸುಮಾರು 19 ಕೆ.ಜಿ.ಯಿಂದ 3 ಕ್ವಿಂಟಲ್‌ವರೆಗೆ. ಔಷಧಿ, ಕೂಲಿ ಎಲ್ಲ ಸೇರಿ ಎಕರೆಗೆ 60 ಕೆ.ಜಿ. ರಾಗಿಯ ಬೆಲೆಯಷ್ಟು ಖರ್ಚಾದ್ರೆ ಚಿಕ್ಕಪ್ಪನಿಗೆ ಲಾಭವೂ ಆಗಬಹುದು, ಕೈಯಿಂದ ಹೋಗಲೂಬಹುದು. ಪೇಪರಿನ ಲಾಭ-ವೆಚ್ಚ ಅನುಪಾತ ಈ ಅಗಲ ತೋರಿಸಲ್ಲ. ಬರೀ ಸರಾಸರಿ ಇಳುವರಿಯನ್ನ ಬೆಲೆಯಿಂದ ಗುಣಿಸಿ ಒಂದೇ ಅಂಕಿ ಕೊಡುತ್ತೆ. ಆನ್ ಪಾರ್ ಇರೋ ಎರಡು ಟ್ರೀಟ್‌ಮೆಂಟ್‌ನಲ್ಲಿ ಅನುಪಾತ ನೋಡಿ ಒಂದನ್ನ ‘ಉತ್ತಮ’ ಅಂತ ಆರಿಸಿದ್ರೆ ಅಲ್ಲಿ ಸ್ವಲ್ಪ ನಿಲ್ಲಿ. ಖರ್ಚು ಕಡಿಮೆ ಇರೋದ್ರಿಂದ ಆರಿಸಿದ್ರೆ ಒಪ್ಪೋಣ. ಇಳುವರಿ ಸ್ವಲ್ಪ ಜಾಸ್ತಿ ಕಂಡಿದ್ದರಿಂದ ಆರಿಸಿದ್ರೆ ಅದು ಏರುಪೇರಿಗೆ ಬೆಲೆ ಕಟ್ಟಿದ ಹಾಗೆ.

ಏರುಪೇರು ಇಷ್ಟೊಂದು ಎಲ್ಲಿಂದ ಬರುತ್ತೆ ಅಂತ ಅನುಮಾನ ಇದ್ರೆ ಸಾಮಗ್ರಿ ಮತ್ತು ವಿಧಾನ ಅನ್ನೋ ಭಾಗಕ್ಕೆ ಹೋಗಿ, ನೆಟ್ ಪ್ಲಾಟ್ ಎಷ್ಟು ಅಂತ ಹುಡುಕಿ. ಅಂಚಿನ ಸಾಲು ಬಿಟ್ಟು ಕೊಯ್ಲು ಮಾಡಿ ತೂಗುವ ಜಾಗ ಅದು. 10 ಚದರ ಮೀಟರ್ ಇತ್ತು ಅಂದುಕೊಳ್ಳಿ. ಹೆಕ್ಟೇರಿಗೆ ತರೋಕೆ ಸಾವಿರದಿಂದ ಗುಣಿಸ್ತಾರೆ. ಅಂದ್ರೆ ಹೆಕ್ಟೇರಿಗೆ 3,190 ಕೆ.ಜಿ. ಅಂತ ಅಚ್ಚಾಗಿರೋದು ತಕ್ಕಡಿ ಮೇಲೆ 3 ಕೆ.ಜಿ. 190 ಗ್ರಾಂ. ಟಿ8 ಟಿ6ನ್ನ ‘ಮೀರಿಸಿದ’ 50 ಕೆ.ಜಿ. ಅಂದ್ರೆ ಪ್ಲಾಟಿಗೆ 50 ಗ್ರಾಂ, ಒಂದು ಹಿಡಿ ರಾಗಿ. ನಾಲ್ಕು ತೆನೆ ಗುಬ್ಬಿ ತಿಂದ್ರೂ, ಕಾಳು ಸ್ವಲ್ಪ ಹಸಿ ಇದ್ದಾಗಲೇ ತೂಗಿದ್ರೂ ಅಷ್ಟು ವ್ಯತ್ಯಾಸ ಬರುತ್ತೆ. ಈ ಒಂದು ಗುಣಾಕಾರ ಮನಸ್ಸಿನಲ್ಲಿದ್ರೆ ‘ಅತಿ ಹೆಚ್ಚು ಇಳುವರಿ’ ಅನ್ನೋ ಪದ ನಿಮ್ಮನ್ನ ಹೆದರಿಸಲ್ಲ. ಮೇಲಾಗಿ ಎಂಟರಲ್ಲಿ ಒಂದು ಮೊದಲು ಬರಲೇಬೇಕು. ಹಾಗೆ ಬಂದದ್ದರಲ್ಲಿ ಅದೃಷ್ಟದ ಪಾಲೂ ಸೇರಿರುತ್ತೆ. ಅದಕ್ಕೇ ಎರಡನೇ ವರ್ಷದ ಅಂಕಿ ಇದೆಯಾ, ಇದ್ರೆ ಆವಾಗಲೂ ಅದೇ ಮುಂದಿತ್ತಾ ಅಂತ ನೋಡಬೇಕು.

ವಿಧಾನದ ಭಾಗದಲ್ಲಿ ನೋಡಲೇಬೇಕಾದ ಇನ್ನೊಂದು ಸಂಗತಿ ರೆಪ್ಲಿಕೇಶನ್ ನಿಜವಾದ್ದಾ ಅನ್ನೋದು. ನಮ್ಮ ಹೊಲದಲ್ಲಿ ದಿಣ್ಣೆ ಕಡೆ ಮಣ್ಣು ತೆಳು, ಬದುವಿನ ಕೆಳಗೆ ದಪ್ಪ. ಆರ್.ಸಿ.ಬಿ.ಡಿ.ಯಲ್ಲಿ ಮೇಲೆ, ನಡುವೆ, ಕೆಳಗೆ ಅಂತ ಮೂರು ಪಟ್ಟಿ ಮಾಡಿ, ಪ್ರತಿ ಪಟ್ಟಿಯಲ್ಲೂ ಎಂಟೂ ಟ್ರೀಟ್‌ಮೆಂಟ್‌ಗಳನ್ನ ಚೀಟಿ ಎತ್ತಿದ ಹಾಗೆ ಹಂಚ್ತಾರೆ. ಒಟ್ಟು 24 ಪ್ಲಾಟ್. ಅದು ಬಿಟ್ಟು ಹೊಲದ ಮೇಲಿನ ಅರ್ಧಕ್ಕೆ ದ್ರಾವಣ ಹೊಡೆದು, ಕೆಳಗಿನ ಅರ್ಧ ಹಾಗೇ ಬಿಟ್ಟು, ಒಂದೊಂದರಲ್ಲಿ 15 ಜಾಗದಿಂದ ಮಾದರಿ ತೆಗೆದು ‘ಒಟ್ಟು 30 ಮಾದರಿ’ ಅಂತ ಬರೆಯೋದುಂಟು. ಅಲ್ಲಿ ಮಾದರಿ 30 ಇರಬಹುದು, ಪ್ಲಾಟ್ ಎರಡೇ. ವ್ಯತ್ಯಾಸ ದ್ರಾವಣದ್ದಾ, ದಿಣ್ಣೆಯದ್ದಾ ಅಂತ ಯಾವ ಸಾಫ್ಟ್‌ವೇರೂ ಹೇಳಲಾರದು. 1984ರಲ್ಲಿ ಹರ್ಲ್‌ಬರ್ಟ್ ಎಂಬ ಪರಿಸರ ವಿಜ್ಞಾನಿ ಇದಕ್ಕೆ ಹುಸಿ ರೆಪ್ಲಿಕೇಶನ್ ಅನ್ನೋ ಅರ್ಥದ ಹೆಸರು ಕೊಟ್ಟು ಬರೆದ ಲೇಖನವನ್ನ ಸಂಶೋಧಕರು ಇವತ್ತಿಗೂ ಎತ್ತಿ ಹೇಳ್ತಾರೆ.

ಇದನ್ನ ಹಿಡಿಯೋ ಸುಲಭ ದಾರಿ ಎರರ್ ಡಿಗ್ರೀಸ್ ಆಫ್ ಫ್ರೀಡಂ. ಆರ್.ಸಿ.ಬಿ.ಡಿ.ಯಲ್ಲಿ ಟ್ರೀಟ್‌ಮೆಂಟ್‌ನಿಂದ ಒಂದು ಕಳೆದು, ರೆಪ್ಲಿಕೇಶನ್‌ನಿಂದ ಒಂದು ಕಳೆದು, ಎರಡನ್ನೂ ಗುಣಿಸಿ. ಇಲ್ಲಿ ಏಳು ಎರಡ್ಲಿ 14. ಪೇಪರಿನಲ್ಲಿ ಅದು 14ರ ಬದಲು 60, 70 ಅಂತ ಕಂಡ್ರೆ ಒಂದೇ ಪ್ಲಾಟಿನ ಗಿಡಗಳನ್ನ ಬೇರೆ ಬೇರೆ ರೆಪ್ಲಿಕೇಶನ್ ಅಂತ ಎಣಿಸಿರೋ ಸಾಧ್ಯತೆ ಇದೆ. ಹಾಗೆ ಎಣಿಸಿದಾಗ ಸಿ.ಡಿ. ಸಣ್ಣದಾಗುತ್ತೆ, ಸಣ್ಣಪುಟ್ಟ ಅಂತರವೆಲ್ಲ ‘ಸಿಗ್ನಿಫಿಕೆಂಟ್’ ಆಗಿಬಿಡುತ್ತೆ.

ಒಂದು ಆಕ್ಷೇಪ ಬರುತ್ತೆ, ಗೊತ್ತು. ‘ಹಿರಿಯರು ಬರೆದ ಪೇಪರ್, ಅದನ್ನ ನೋಡಿ ಒಪ್ಪಿದವರಿದ್ದಾರೆ, ಮೊದಲ ಸೆಮಿಸ್ಟರ್‌ನವರು ನಾವ್ಯಾರು ಕೇಳೋಕೆ?’ ಅಂತ. ನಾನು ಹೇಳ್ತಿರೋದು ಲೇಖಕರ ಮೇಲೆ ಅನುಮಾನ ಪಡಿ ಅಂತಲ್ಲ. ಟೇಬಲ್, ಸಿ.ಡಿ. ಎರಡನ್ನೂ ಮುಚ್ಚಿಡದೆ ಅಚ್ಚು ಹಾಕಿರೋರು ಅವರೇ. ಅವರು ಕೊಟ್ಟಿರೋ ಅಂಕಿಯನ್ನ ಓದದೆ ಶೇ. 14.7 ಮಾತ್ರ ಎತ್ತಿಕೊಂಡು ಊರಿಗೆ ಹಂಚೋದು ನಮ್ಮ ತಪ್ಪು. ಸಿ.ಡಿ. ಇಲ್ಲದ ಶೇಕಡಾವಾರು ಅಂಕಿಯನ್ನ ನಮ್ಮಂಥ ಓದಿದವರು ಫಾರ್ವರ್ಡ್ ಮಾಡಲೇಬಾರದು ಅನ್ನೋದು ನನ್ನ ಖಚಿತ ಅಭಿಪ್ರಾಯ. ಸ್ಟ್ಯಾಟಿಸ್ಟಿಕ್ಸ್ ಪರೀಕ್ಷೆಯಲ್ಲಿ ತಪ್ಪಿದ್ರೆ ನಮಗೆ ಅಂಕ ಹೋಗುತ್ತೆ, ಇಲ್ಲಿ ತಪ್ಪಿದ್ರೆ ಚಿಕ್ಕಪ್ಪನ ದುಡ್ಡು ಹೋಗುತ್ತೆ.

ಹಾಗಾದ್ರೆ ಚಿಕ್ಕಪ್ಪನಿಗೆ ಏನು ಹೇಳೋದು? ನಾನಾಗಿದ್ರೆ ಹೀಗೆ ಹೇಳ್ತೀನಿ: ‘ಇಡೀ ಹೊಲಕ್ಕೆ ಬೇಡ ಚಿಕ್ಕಪ್ಪ. ಮೇಲಿಂದ ಕೆಳಗಿನವರೆಗೆ ಮೂರು ಜಾಗದಲ್ಲಿ ಜೋಡಿ ಜೋಡಿ ಪಟ್ಟೆ ಮಾಡೋಣ. ಪ್ರತಿ ಜೋಡಿಯಲ್ಲಿ ಯಾವುದಕ್ಕೆ ದ್ರಾವಣ ಅನ್ನೋದನ್ನ ನಾಣ್ಯ ಎಸೆದು ನಿರ್ಧರಿಸೋಣ. ಕೊಯ್ಲಾದ ಮೇಲೆ ಆರನ್ನೂ ಬೇರೆ ಬೇರೆ ತೂಗೋಣ.’ ಮೂರು ಜೋಡಿಯಿಂದ ಗಟ್ಟಿ ತೀರ್ಮಾನಕ್ಕೆ ಬರೋಕಾಗಲ್ಲ, ಅದೂ ನಿಜ. ಆದರೆ ಮೂರು ಜೋಡಿಯಲ್ಲಿ ಒಂದರಲ್ಲಿ ದ್ರಾವಣ ಮುಂದೆ, ಎರಡರಲ್ಲಿ ಹಿಂದೆ ಬಂದ್ರೆ, ಆ ಪಿಡಿಎಫ್ ಬಗ್ಗೆ ಮುಂದಿನ ವರ್ಷ ಯಾರೂ ನಿಮ್ಮನ್ನ ಕೇಳಲ್ಲ.