ಸರಾಸರಿಯ ಸರಾಸರಿ

ಈಗ ಮುಖ್ಯೋಪಾಧ್ಯಾಯನಾಗಿರುವ ನನ್ನ ಹಳೆಯ ಶಿಷ್ಯನೊಬ್ಬ ಕಳೆದ ವಾರ ತನ್ನ ಶಾಲೆಯ ಹತ್ತನೇ ತರಗತಿಯ ಹಾಜರಾತಿ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸಿ, "ಸಾರ್, ಒಮ್ಮೆ ಕಣ್ಣಾಡಿಸಿ" ಎಂದು ಕಳುಹಿಸಿದ್ದ. ತಿಂಗಳು ತಿಂಗಳಿನ ಶೇಕಡಾವಾರು ಹಾಜರಾತಿ ಚೆಂದವಾಗಿ ಮೂಡಿತ್ತು. ಕೊನೆಯ ಅಂಕಣವನ್ನು ಒತ್ತಿ ನೋಡಿದರೆ ಒಳಗಿದ್ದ ಸೂತ್ರ ಇದು:

```
=AVERAGE(D2:D10)
```

ನಿವೃತ್ತನಾದವನಿಗೆ ಸಿಟ್ಟು ಬರಬಾರದೆನ್ನುತ್ತಾರೆ. ನನಗೆ ಬಂತು. ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ನಡೆಯುತ್ತಿದ್ದ ತಪ್ಪೇ ಈಗ ಯಂತ್ರದೊಳಗೆ ಬಂದು ಕುಳಿತಿದೆ.

ತಪ್ಪು ಏನೆಂಬುದನ್ನು ನಾನು ಸೇವೆಯಲ್ಲಿದ್ದಾಗ ನಡೆದ ಒಂದು ಪ್ರಸಂಗದಿಂದಲೇ ಹೇಳುತ್ತೇನೆ. ಶಾಲೆಯ ಹೆಸರು ಬೇಡ. ಆ ವರ್ಷ ಜೂನ್‌ನಿಂದ ಫೆಬ್ರವರಿವರೆಗೆ ಒಟ್ಟು 200 ದಿನ ಶಾಲೆ ನಡೆದಿತ್ತು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರಲು ಬೇಕಾದದ್ದು ಶೇಕಡಾ 75, ಅಂದರೆ 150 ದಿನ. ದಿನಕ್ಕೆ ಎರಡು ಹೊತ್ತು ಹಾಜರಿ ಕರೆಯುತ್ತಿದ್ದೆವು. ಒಂದೇ ಹೊತ್ತು ಬಂದವರಿಗೆ ಅರ್ಧ ದಿನ. ದಸರಾ ರಜೆಯ ದೆಸೆಯಿಂದ ಅಕ್ಟೋಬರ್‌ನಲ್ಲಿ ಶಾಲೆ ನಡೆದದ್ದು 8 ದಿನ ಮಾತ್ರ, ಉಳಿದ ತಿಂಗಳುಗಳಲ್ಲಿ 23ರಿಂದ 26 ದಿನ.

ನನ್ನ ತರಗತಿಯ ಹುಡುಗಿಯೊಬ್ಬಳಿಗೆ ಅಕ್ಟೋಬರ್‌ನಲ್ಲಿ ಕಾಮಾಲೆಯಾಯಿತು. ಆ 8 ದಿನಗಳಲ್ಲಿ ಒಂದು ದಿನವೂ ಬರಲಾಗಲಿಲ್ಲ. ಉಳಿದ 192 ದಿನಗಳಲ್ಲಿ 155 ದಿನ ಬಂದಿದ್ದಳು. ಹೀಗಾಗಿ ಅವಳ ಹಾಜರಾತಿ 200ಕ್ಕೆ 155, ಶೇಕಡಾ 77.5. ಆದರೆ ಫೆಬ್ರವರಿಯ ಕೊನೆಗೆ ಕಚೇರಿಯಿಂದ ಬಂದ ಕೊರತೆಯ ಪಟ್ಟಿಯಲ್ಲಿ ಅವಳ ಹೆಸರಿತ್ತು! ಪ್ರತಿ ತಿಂಗಳ ಶೇಕಡಾವನ್ನು ಕೂಡಿ ಒಂಬತ್ತರಿಂದ ಭಾಗಿಸಿದ್ದರು. ಅಕ್ಟೋಬರ್‌ನ ಸೊನ್ನೆಯು ಜುಲೈನ 26 ದಿನಗಳಷ್ಟೇ ತೂಕ ಪಡೆದು ಅವಳನ್ನು 71.7ಕ್ಕೆ ಇಳಿಸಿತ್ತು. ಎಂಟು ದಿನದ ತಿಂಗಳನ್ನೂ ಇಪ್ಪತ್ತಾರು ದಿನದ ತಿಂಗಳನ್ನೂ ಒಂದೇ ತಕ್ಕಡಿಯಲ್ಲಿ ಸಮವೆಂದು ತೂಗಿದ ಫಲ ಅದು. ಹಾಜರಿ ಪುಸ್ತಕವನ್ನು ಎದುರಿಗಿಟ್ಟುಕೊಂಡು ಬಂದ ದಿನಗಳನ್ನೆಲ್ಲ ಕೂಡಿಸಿ, ಶಾಲೆ ನಡೆದ ದಿನಗಳ ಮೊತ್ತದಿಂದ ಭಾಗಿಸಿ ತೋರಿಸಿದೆ. ಮುಖ್ಯೋಪಾಧ್ಯಾಯರು ಒಪ್ಪಿದರು. ಅವಳು ಪರೀಕ್ಷೆ ಬರೆದಳು.

ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಎದೆ ತಟ್ಟಿಕೊಂಡು ತಿರುಗಬಹುದಿತ್ತು. ಲೆಕ್ಕ ಸರಿಪಡಿಸಿದ ಮೇಲೆ ಎಲ್ಲರದನ್ನೂ ಸರಿಪಡಿಸಬೇಕಲ್ಲವೆ? ಪಟ್ಟಿಯಲ್ಲಿ ಹೆಸರೇ ಇಲ್ಲದ ಹುಡುಗನೊಬ್ಬನಿದ್ದ. ಅಕ್ಟೋಬರ್‌ನ 8 ದಿನವೂ ತಪ್ಪದೆ ಬಂದಿದ್ದರಿಂದ ಆ ತಿಂಗಳ ನೂರು ಅವನನ್ನು ಸುಮಾರು 76ಕ್ಕೆ ಏರಿಸಿತ್ತು. ನಿಜವಾಗಿ ಅವನು ಬಂದದ್ದು 148 ದಿನ, ಅಂದರೆ ಶೇಕಡಾ 74. ಎರಡೇ ದಿನ ಕಡಿಮೆ. "ಬಿಡಿ ಮೇಷ್ಟ್ರೇ, ಎರಡು ದಿನ ತಿದ್ದಿದರಾಯಿತು" ಎಂದರು ಕಚೇರಿಯ ಗುಮಾಸ್ತರು. ಹಾಜರಿ ಪುಸ್ತಕದ ಗೈರನ್ನು ಹಾಜರಿಯೆಂದು ತಿದ್ದಲು ನನ್ನ ಕೈ ಬರಲಿಲ್ಲ. ಅವನು ಆ ವರ್ಷ ಪರೀಕ್ಷೆಗೆ ಕೂರಲಿಲ್ಲ.

ಈ ವಿಷಯದಲ್ಲಿ ನನ್ನ ತಕರಾರು ಶೇಕಡಾ 75ರ ನಿಯಮದ ಮೇಲಲ್ಲ. ಅದನ್ನು ಫೆಬ್ರವರಿಯಲ್ಲಿ ಲೆಕ್ಕ ಹಾಕುವ ನಮ್ಮ ಚಾಳಿಯ ಮೇಲೆ. 200 ದಿನದ ವರ್ಷದಲ್ಲಿ ತಪ್ಪಿಸಿಕೊಳ್ಳಬಹುದಾದದ್ದು 50 ದಿನ. ಜೂನ್‌ನಲ್ಲೇ ವರ್ಷದ ಶಾಲಾ ದಿನಗಳ ಅಂದಾಜು ನಮ್ಮ ಕೈಯಲ್ಲಿರುತ್ತದೆ. ನವೆಂಬರ್ ಮುಗಿದಾಗ ಆ ಹುಡುಗನ ಗೈರು 37 ದಿನ. ಇನ್ನು ಉಳಿದದ್ದು 13. ಯಾರಾದರೂ ಆ ಹದಿಮೂರನ್ನು ಅವನ ಕಿವಿಗೆ ಹಾಕಿದ್ದರೆ, ಮುಂದಿನ ಮೂರು ತಿಂಗಳಲ್ಲಿ 15 ದಿನ ತಪ್ಪಿಸಿಕೊಳ್ಳುತ್ತಿದ್ದನೆ? ಆ ಅಂಕಿ ನಾನೇ ಬರೆದ ಪುಸ್ತಕದಲ್ಲಿ ಅಡಗಿತ್ತು. ಪ್ರತಿ ತಿಂಗಳೂ ಕೆಳಗೆ ಆ ತಿಂಗಳ ಮೊತ್ತವನ್ನು ಹಾಕುತ್ತಿದ್ದೆ, ಹಿಂದಿನ ತಿಂಗಳುಗಳದನ್ನು ಸೇರಿಸುತ್ತಿರಲಿಲ್ಲ. ತಿಂಗಳ ಶೇಕಡಾ ನೋಡಿದರೆ "ಪರವಾಗಿಲ್ಲ, ಈ ತಿಂಗಳು ಸುಧಾರಿಸಿದ್ದಾನೆ" ಎನಿಸುತ್ತಿತ್ತು. ಸುಧಾರಿಸಿಯೂ ಇದ್ದ, ಪಾಪ.

ಶಿಷ್ಯನಿಗೆ ಸೂತ್ರವನ್ನು ಬದಲಿಸಿ ಕಳುಹಿಸಿದ್ದೇನೆ. ಶಾಲೆ ನಡೆದ ದಿನಗಳು B ಅಂಕಣದಲ್ಲಿ, ಬಂದ ದಿನಗಳು C ಅಂಕಣದಲ್ಲಿ ಇವೆ:

```
=SUM(C2:C10)/SUM(B2:B10)*100
```

ಜೊತೆಗೆ ಇನ್ನೊಂದು ಅಂಕಣ ಹಾಕಿಸಿದ್ದೇನೆ. ಅದರಲ್ಲಿ ಶೇಕಡಾ ಇಲ್ಲ, "ಇನ್ನು ಎಷ್ಟು ದಿನ ತಪ್ಪಿಸಬಹುದು" ಎಂಬ ಒಂದೇ ಅಂಕಿ. ತಿಂಗಳ ಕೊನೆಯ ಶನಿವಾರ ಅದನ್ನು ಮಕ್ಕಳಿಗೆ ಓದಿ ಹೇಳಬೇಕು, ಹತ್ತಕ್ಕಿಂತ ಕೆಳಗಿಳಿದವರ ಮನೆಗೆ ಅಂದೇ ತಿಳಿಸಬೇಕು. ಅವನು ಕೊಂಚ ತಡೆದು, "ಇಷ್ಟೆಲ್ಲ ಯಾಕೆ ಸಾರ್, ಕೊನೆಗೆ ನೋಡಿಕೊಂಡರಾಯಿತಲ್ಲ" ಎಂದ.

ಆ ಹುಡುಗನ ಮನೆಗೆ ಸುದ್ದಿ ತಿಳಿಸಲು ಹೋದವನು ನಾನೇ. ಅವನ ತಾಯಿ ನನ್ನನ್ನು ಜಗಲಿಯಲ್ಲಿ ಕೂರಿಸಿ, ಮಜ್ಜಿಗೆ ಕೊಟ್ಟು, "ಎರಡು ದಿನಾನಾ ಸಾಮೀ? ಮೊದಲೇ ಹೇಳಿದ್ರೆ ಕಳಿಸ್ತಿದ್ನಲ್ಲ" ಎಂದರು.