ಮಾಹಿತಿ ಸೋರಿದಾಗ ಮೊದಲು ತಿಳಿಯಬೇಕಾದವರು ಯಾರು?

ಗಿರಣಿಗೆ ಬೆಂಕಿ ಬಿದ್ದರೆ ಮಾಡಬೇಕಾದುದೇನೆಂಬುದನ್ನು ಗೋಡೆಯ ಮೇಲೆ ಬರೆದು ಹಾಕಿರುತ್ತಾರೆ. ಗಂಟೆ ಬಾರಿಸುವವನು ಯಾರು, ಯಾವ ಬಾಗಿಲಿನಿಂದ ಹೊರಬೀಳಬೇಕು, ಮರಳಿನ ಬಕೀಟು ಎಲ್ಲಿದೆ ಎಂಬುದು ಹೊಸದಾಗಿ ಸೇರಿದ ಬದಲಿ ಕಾರ್ಮಿಕನಿಗೂ ಗೊತ್ತು. ಆದರೆ ಅದೇ ಗಿರಣಿಯ ಕಂಪ್ಯೂಟರಿಗೆ ಕಳ್ಳ ನುಗ್ಗಿ ಆರುನೂರು ಜನರ ಹೆಸರು, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಪಿ.ಎಫ್. ಸಂಖ್ಯೆಗಳನ್ನು ಹೊತ್ತುಕೊಂಡು ಹೋದರೆ ಯಾರಿಗೆ, ಯಾವಾಗ, ಏನು ಹೇಳಬೇಕು? ಇದಕ್ಕೊಂದು ಯೋಜನೆ ಇದೆಯೇ ಎಂದು ಕೇಳಿದರೆ, ಇದ್ದ ಕಡೆಯಲ್ಲಿ ಅದು ಇಂಗ್ಲಿಷಿನಲ್ಲಿದ್ದು ಮ್ಯಾನೇಜರರ ಕಪಾಟಿನಲ್ಲಿರುತ್ತದೆ. ಅದರಲ್ಲಿ ಮಾಲೀಕರು, ವಕೀಲರು, ವಿಮಾ ಕಂಪನಿ, ಸರ್ಕಾರ ಎಲ್ಲರ ಹೆಸರೂ ಬಂದು, ಮಾಹಿತಿ ಯಾರದೋ ಆ ಕಾರ್ಮಿಕನ ಹೆಸರು ಕೊನೆಯ ಸಾಲಿನಲ್ಲಿ ಬರುತ್ತದೆ. ಈ ಕ್ರಮ ತಿರುಗಬೇಕು ಎಂಬುದೇ ಇಂದು ನಾವು ಹೇಳಹೊರಟಿರುವ ಮಾತು.

ಮುಚ್ಚಿಟ್ಟವರ ಕಥೆಯನ್ನು ಮೊದಲು ನೋಡೋಣ. 2016ರಲ್ಲಿ ಅಮೆರಿಕದ ಊಬರ್ ಕಂಪನಿಯಿಂದ ಸುಮಾರು 5.7 ಕೋಟಿ ಜನರ ಮಾಹಿತಿ ಕಳುವಾಯಿತು. ಅದರಲ್ಲಿ ಸುಮಾರು ಆರು ಲಕ್ಷ ಚಾಲಕರ ಲೈಸೆನ್ಸ್ ಸಂಖ್ಯೆಗಳಿದ್ದವು. ಕಂಪನಿ ಕಳ್ಳರಿಗೆ ಒಂದು ಲಕ್ಷ ಡಾಲರ್ ಕೊಟ್ಟು ಬಾಯಿ ಮುಚ್ಚಿಸಿತು. ಹಗಲಿರುಳು ಗಾಡಿ ಓಡಿಸಿ ಕಂಪನಿಯನ್ನು ಸಾಕಿದ ಚಾಲಕರಿಗೆ ಒಂದು ವರ್ಷದವರೆಗೆ ಒಂದು ಮಾತೂ ಹೇಳಲಿಲ್ಲ. 2017ರ ನವೆಂಬರಿನಲ್ಲಿ ಸಂಗತಿ ಬಯಲಾಯಿತು. ಕಂಪನಿಯ ಭದ್ರತಾ ಮುಖ್ಯಸ್ಥ ಅಪರಾಧಿ ಎಂದು 2022ರಲ್ಲಿ ನ್ಯಾಯಾಲಯದಲ್ಲಿ ತೀರ್ಮಾನವಾಯಿತು.

ಇನ್ನೊಂದು ಬಗೆಯವರೂ ಇದ್ದಾರೆ. ನಾರ್ವೆ ದೇಶದ ಹೈಡ್ರೋ ಎಂಬ ಅಲ್ಯೂಮಿನಿಯಂ ಕಂಪನಿಯ ಕಂಪ್ಯೂಟರುಗಳಿಗೆ 2019ರ ಮಾರ್ಚ್ 19ರಂದು ಬೀಗ ಬಿದ್ದು, ತೆರೆಯಲು ಹಣ ಕೊಡಿ ಎಂಬ ಚೀಟಿ ಬಂತು. ಅವರು ಅದೇ ದಿನ ಬಹಿರಂಗವಾಗಿ ಹೇಳಿದರು. ಕಂಪ್ಯೂಟರಿನ ಮೂಲಕ ಹೇಳುವಂತಿರಲಿಲ್ಲ. ಆದುದರಿಂದ ಬಾಗಿಲಿಗೆ ಕಾಗದ ಅಂಟಿಸಿದರು: ದಾಳಿ ನಡೆದಿದೆ, ಯಾವ ಯಂತ್ರವನ್ನೂ ಜಾಲಕ್ಕೆ ಜೋಡಿಸಬೇಡಿ. ಹಣವನ್ನೂ ಕೊಡಲಿಲ್ಲ, ಮೊದಲೇ ತೆಗೆದಿಟ್ಟಿದ್ದ ಪ್ರತಿಗಳಿಂದ ಕೆಲಸವನ್ನು ಮತ್ತೆ ನಿಲ್ಲಿಸಿಕೊಂಡರು. ನಷ್ಟವೇನೋ ಬಹಳವಾಯಿತು. ಆದರೆ ಕಂಪನಿಯ ಮಾತಿನ ಮೇಲೆ ಜನರ ನಂಬಿಕೆ ಉಳಿಯಿತು. ಬಾಗಿಲಿಗೆ ಅಂಟಿಸಿದ ಒಂದು ಹಾಳೆ ಕಾಗದದ ಬೆಲೆಯನ್ನು ನಮ್ಮ ಗಿರಣಿಗಳವರು ಅಲ್ಲಿಂದ ಕಲಿಯಬಹುದು.

ಈಗ ನಮ್ಮ ಊರಿನಂಥ ಊರಿಗೇ ಬರೋಣ. ಮೂರು ಪಾಳಿಯ, ಆರುನೂರು ಆಳಿನ ಒಂದು ಗಿರಣಿ ಎಂದಿಟ್ಟುಕೊಳ್ಳಿ. ಸೋಮವಾರ ಬೆಳಿಗ್ಗೆ 6 ಗಂಟೆಗೆ ಟೈಂ ಆಫೀಸಿನ ಗುಮಾಸ್ತ ಕಂಪ್ಯೂಟರ್ ತೆರೆಯುತ್ತಾನೆ. ಸಂಬಳದ ಪಟ್ಟಿ ತೆರೆಯುವುದಿಲ್ಲ. ಪರದೆಯ ಮೇಲೆ ಹಣ ಕೇಳುವ ಚೀಟಿ. ಇಂಥ ಸಮಯದಲ್ಲಿ ಬಡ ಗುಮಾಸ್ತ ಮಾಡುವುದು ಎರಡೇ ತಪ್ಪು. ಒಂದು, ತನ್ನ ಮೇಲೆ ಬರುತ್ತದೆಂದು ಹೆದರಿ ಮಧ್ಯಾಹ್ನದವರೆಗೆ ಸುಮ್ಮನಿರುವುದು. ಇನ್ನೊಂದು, ರಿಪೇರಿಯವನನ್ನು ಕರೆಸಿ ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿಸಿಬಿಡುವುದು. ಮೊದಲನೆಯದರಿಂದ ಹೊತ್ತು ಹೋಗುತ್ತದೆ, ಎರಡನೆಯದರಿಂದ ಕಳ್ಳನ ಹೆಜ್ಜೆ ಗುರುತೇ ಅಳಿದುಹೋಗುತ್ತದೆ. ಅವನು ಮಾಡಬೇಕಾದುದು ಇಷ್ಟೆ: ಜಾಲದ ತಂತಿಯನ್ನು ಕೀಳಬೇಕು, ಯಂತ್ರದಲ್ಲಿ ಏನನ್ನೂ ಅಳಿಸಬಾರದು, ಪರದೆಯ ಫೋಟೋ ತೆಗೆದು ಗಂಟೆ ಬರೆದಿಡಬೇಕು, ಗೋಡೆಯ ಮೇಲಿನ ಕಾಗದದಲ್ಲಿರುವ ಮೂವರಲ್ಲಿ ಒಬ್ಬರಿಗೆ ಫೋನ್ ಮಾಡಬೇಕು. ಆ ಪಟ್ಟಿ ಕಾಗದದ ಮೇಲೆಯೇ ಇರಬೇಕು, ಸುದ್ದಿ ಫೋನಿನಲ್ಲಿಯೇ ಹೋಗಬೇಕು. ಕಂಪನಿಯ ಇಮೇಲಿನಲ್ಲಿ ಬರೆದರೆ ಒಳಗೆ ಕುಳಿತ ಕಳ್ಳನೂ ಅದನ್ನು ಓದಿಯಾನು. ಸುದ್ದಿ ತಂದವನಿಗೆ ಶಿಕ್ಷೆಯಿಲ್ಲ ಎಂಬ ಮಾತೂ ಯೋಜನೆಯಲ್ಲಿ ಅಚ್ಚಾಗಿರಬೇಕು.

ಏಕೆಂದರೆ ಗಡಿಯಾರ ಗುಮಾಸ್ತ ಕಂಡಾಗಲೇ ಓಡಲು ತೊಡಗುತ್ತದೆ, ಮಾಲೀಕರು ಬೆಂಗಳೂರಿನಿಂದ ಬಂದಿಳಿದಾಗಲ್ಲ. ಸರ್ಟ್-ಇನ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ಆದೇಶದಂತೆ, ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅದಕ್ಕೆ ವರದಿ ಹೋಗಬೇಕು. ನಮ್ಮ ಉದಾಹರಣೆಯಲ್ಲಿ ಅದು ಮಧ್ಯಾಹ್ನ 12 ಗಂಟೆ. ಆರು ಗಂಟೆಯಲ್ಲಿ ಎಲ್ಲವೂ ತಿಳಿಯುವುದಿಲ್ಲ. ತಿಳಿದಷ್ಟನ್ನು ಬರೆದು, ಉಳಿದುದು ತಿಳಿದಿಲ್ಲವೆಂದು ಬರೆಯಬೇಕು.

ಸರ್ಕಾರಕ್ಕೆ ಆರು ಗಂಟೆ. ಹಾಗಾದರೆ ಕಾರ್ಮಿಕನಿಗೆ? 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಂಪನಿಗಳ ಮೇಲಿನ ಹೊಣೆಗಳಿಗೆ 18 ತಿಂಗಳ ಗಡುವು ಕೊಟ್ಟು, 2027ರ ಮೇ ತಿಂಗಳಿನಿಂದ ಜಾರಿ ಎಂದಿದ್ದಾರೆ. ಆ ನಿಯಮದಂತೆ ಮಾಹಿತಿ ಸಂರಕ್ಷಣಾ ಮಂಡಳಿಗೆ ಕೂಡಲೇ ಒಂದು ಸುದ್ದಿ, 72 ಗಂಟೆಯೊಳಗೆ ವಿವರವಾದ ವರದಿ ಹೋಗಬೇಕು. ಮಾಹಿತಿ ಯಾರದೋ ಅವರಿಗೆ 'ವಿಳಂಬವಿಲ್ಲದೆ' ತಿಳಿಸಬೇಕು. ಸರ್ಕಾರಿ ಕಚೇರಿಗಳಿಗೆ ಗಂಟೆಯ ಲೆಕ್ಕ, ಕಾರ್ಮಿಕನಿಗೆ ಒಂದು ವಿಶೇಷಣ! ವಿಳಂಬವಿಲ್ಲದೆ ಎಂದರೆ ಎಷ್ಟು ಹೊತ್ತು ಎಂಬುದನ್ನು ಮಾಲೀಕರ ವಕೀಲರು ನಿರ್ಣಯಿಸಿದರೆ ಅದು ತಿಂಗಳೂ ಆಗಬಹುದು. ಆದುದರಿಂದ ಗಂಟೆಯನ್ನು ಗಿರಣಿಯ ಯೋಜನೆಯಲ್ಲಿಯೇ ಬರೆಸಬೇಕು.

ಎಷ್ಟು ಗಂಟೆ? ನಮ್ಮ ಉತ್ತರ ಪಾಳಿಯ ಲೆಕ್ಕದ್ದು. ಮಧ್ಯಾಹ್ನ 2 ಗಂಟೆಗೆ ಪಾಳಿ ಬದಲಾಗುವಾಗ ಗೇಟಿನಲ್ಲಿ ನೋಟೀಸು ಹಾಕಿ, ಓದಲು ಬಾರದವರಿಗೆ ಓದಿ ಹೇಳಬೇಕು. ರಾತ್ರಿ 10ಕ್ಕೆ ಮತ್ತೆ, ಮರುದಿನ ಬೆಳಿಗ್ಗೆ 6ಕ್ಕೆ ಮತ್ತೆ. ಹೀಗೆ 24 ಗಂಟೆಯೊಳಗೆ ಮೂರು ಪಾಳಿಯವರಿಗೂ ವಿಷಯ ಮುಟ್ಟುತ್ತದೆ. ನೋಟೀಸಿನ ಮಾತು ಈ ತರದ್ದಿರಲಿ:

'ಸೋಮವಾರ ಬೆಳಿಗ್ಗೆ 6 ಗಂಟೆಗೆ ಸಂಬಳ ವಿಭಾಗದ ಕಂಪ್ಯೂಟರಿಗೆ ಹೊರಗಿನವರು ನುಗ್ಗಿರುವುದು ತಿಳಿದುಬಂತು. ಅದರಲ್ಲಿ ನಿಮ್ಮ ಹೆಸರು, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ಸಂಖ್ಯೆ ಇದ್ದವು. ಅವನ್ನು ನಕಲು ಮಾಡಿಕೊಂಡಿದ್ದಾರೆಯೇ ಎಂಬುದು ಇನ್ನೂ ತಿಳಿದಿಲ್ಲ. ಮಾಡಿಕೊಂಡಿದ್ದಾರೆಂದೇ ಎಣಿಸಿ ಎಚ್ಚರದಿಂದಿರಿ. ಯಂತ್ರವನ್ನು ಜಾಲದಿಂದ ಬೇರ್ಪಡಿಸಿದ್ದೇವೆ. ಆಧಾರ್ ಕೇಂದ್ರದಲ್ಲಿ ನಿಮ್ಮ ಬೆರಳಚ್ಚಿಗೆ ಬೀಗ ಹಾಕಿಸಿ. ನಮ್ಮ ಹೆಸರಿನಲ್ಲಿ ಯಾರು ಫೋನ್ ಮಾಡಿ ಓ.ಟಿ.ಪಿ. ಕೇಳಿದರೂ ಕೊಡಬೇಡಿ, ನಾವು ಯಾವ ಲಿಂಕನ್ನೂ ಕಳುಹಿಸುವುದಿಲ್ಲ. ಹಣ ಹೋದರೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಿ. ಬಟವಾಡೆ ತಪ್ಪುವುದಿಲ್ಲ. ವಿಚಾರಣೆಗೆ ಟೈಂ ಆಫೀಸಿನಲ್ಲಿ ಇಂಥವರನ್ನು ಕಾಣಿ.'

ಏನಾಯಿತು, ಅದರಿಂದ ಏನಾಗಬಹುದು, ಕಂಪನಿ ಏನು ಮಾಡಿದೆ, ನೀವು ಏನು ಮಾಡಬೇಕು, ಯಾರನ್ನು ಕೇಳಬೇಕು: ನಿಯಮ ಕೇಳುವ ಐದೂ ಅಂಶಗಳು ಇದರಲ್ಲಿ ಬಂದುಹೋದವು. ಇದಕ್ಕೆ ಯಾವ ತಜ್ಞರೂ ಬೇಕಾಗಿಲ್ಲ. ಖಾಲಿ ಜಾಗ ಬಿಟ್ಟು ಇಂದೇ ಬರೆದಿಟ್ಟುಕೊಂಡರೆ ಆ ದಿನ ತುಂಬಿಸುವುದಷ್ಟೇ ಕೆಲಸ.

ಬೆರಳಚ್ಚಿನ ಬೀಗದ ಮಾತನ್ನು ಕೆಲವರು ಹಗುರವಾಗಿ ಕಾಣಬಹುದು. ನೋಂದಣಿಯಾದ ಪತ್ರಗಳಲ್ಲಿನ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಮೂಲಕ ಬ್ಯಾಂಕಿನ ಹಣ ತೆಗೆದ ದೂರುಗಳು 2023ರಲ್ಲಿ ನಮ್ಮ ರಾಜ್ಯದಲ್ಲಿಯೇ ಬಂದಿದ್ದವು. ಪಾಸ್‌ವರ್ಡನ್ನು ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗುವುದಿಲ್ಲ. ಸಾಮಾನ್ಯವಾಗಿ ಹಾಜರಿ ಯಂತ್ರಗಳು ಬೆರಳಿನ ಪೂರ್ತಿ ಚಿತ್ರವನ್ನಲ್ಲ, ಅದರಿಂದ ಲೆಕ್ಕ ಹಾಕಿದ ಗುರುತನ್ನು ಇಟ್ಟುಕೊಳ್ಳುತ್ತವೆ. ನಮ್ಮ ಯಂತ್ರ ಏನನ್ನು ಇಟ್ಟುಕೊಂಡಿದೆ ಎಂಬುದನ್ನು ಆಡಳಿತವರ್ಗ ಇಂದೇ ಹೇಳಲಿ.

ಗೇಟಿನ ನೋಟೀಸು ಗೇಟಿಗೆ ಬರುವವರಿಗೆ ಮಾತ್ರ. ನಿವೃತ್ತರಾದವರು, ಬಿಟ್ಟುಹೋದವರು, ಗುತ್ತಿಗೆಯವರು, ತೀರಿಕೊಂಡವರ ಪಿ.ಎಫ್. ಹಣಕ್ಕೆ ಕಾದಿರುವ ವಿಧವೆಯರು, ಇವರ ಹೆಸರೂ ಆ ಪಟ್ಟಿಯಲ್ಲಿದೆ. ಇವರಿಗೆ ಮೂರು ದಿನದೊಳಗೆ ಅಂಚೆಯಲ್ಲಿ ಪತ್ರ ಹೋಗಬೇಕು. ಗುತ್ತಿಗೆಯವರ ವಿಳಾಸ ಗುತ್ತಿಗೆದಾರನ ಬಳಿ ಇದೆ ಎಂಬ ನೆಪ ಸಲ್ಲದು. ಆ ವಿಳಾಸಗಳ ಪಟ್ಟಿಯನ್ನು ಈಗಲೇ ತರಿಸಿಟ್ಟುಕೊಳ್ಳಬೇಕು.

ವ್ಯಾಪಾರಿ ಮಿತ್ರರಿಗೂ ಇಲ್ಲಿ ಪಾಲಿದೆ. ಗಿರಣಿಯ ಪುಸ್ತಕದಲ್ಲಿ ಹತ್ತಿ, ಎಣ್ಣೆ, ಬಿಡಿಭಾಗ ಪೂರೈಸುವವರ ಖಾತೆಗಳೂ ಬಾಕಿಗಳೂ ಇರುತ್ತವೆ. ಅದು ಕಳ್ಳನ ಕೈಗೆ ಬಿದ್ದರೆ ಎರಡು ಸುಳ್ಳು ಕಾಗದಗಳು ಹೊರಡುತ್ತವೆ. ವ್ಯಾಪಾರಿಯ ಹೆಸರಿನಲ್ಲಿ ಗಿರಣಿಗೆ, ಗಿರಣಿಯ ಹೆಸರಿನಲ್ಲಿ ನೂಲು ಕೊಳ್ಳುವ ವ್ಯಾಪಾರಿಗೆ: 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಹಣ ಇಲ್ಲಿಗೆ ಕಳುಹಿಸಿ.' ಬಾಕಿಯ ಮೊತ್ತ ಪೈಸೆ ಸಹಿತ ಸರಿಯಾಗಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಆದುದರಿಂದ ಅದೇ ಸೋಮವಾರ ಸಂಜೆಯೊಳಗೆ ವ್ಯಾಪಾರಿಗಳಿಗೆ ಫೋನ್ ಹೋಗಬೇಕು: ಖಾತೆ ಬದಲಾಯಿತೆಂಬ ಕಾಗದ ಬಂದರೆ, ಆ ಕಾಗದದಲ್ಲಿರುವ ಸಂಖ್ಯೆಗಲ್ಲ, ನಿಮ್ಮಲ್ಲಿರುವ ಹಳೆಯ ಸಂಖ್ಯೆಗೆ ಫೋನ್ ಮಾಡಿ ಕೇಳಿ.

ಆಡಳಿತವರ್ಗ ಸಾಮಾನ್ಯವಾಗಿ ಆಡುವ ಒಂದು ಮಾತಿನ ಬಗ್ಗೆ ಎಚ್ಚರಿಸಬೇಕು: 'ಮಾಹಿತಿ ಹೊರಹೋದುದಕ್ಕೆ ಸಾಕ್ಷ್ಯವಿಲ್ಲ.' ಸಾಕ್ಷ್ಯವಿಲ್ಲದಿರುವುದು ಬೇರೆ, ಸಾಕ್ಷ್ಯ ಇಟ್ಟುಕೊಳ್ಳದಿರುವುದು ಬೇರೆ. ಯಾರು ಬಂದರು, ಏನು ಹೊರಹೋಯಿತು ಎಂಬ ದಾಖಲೆಯನ್ನು 180 ದಿನ ಇಡಬೇಕೆಂದು ಅದೇ ಸರ್ಟ್-ಇನ್ ಆದೇಶ ಹೇಳುತ್ತದೆ. ಈ ಮಾತು ಬಂದಾಗ ಕಾರ್ಮಿಕರು ಕೇಳಬೇಕಾದುದು ಒಂದೇ ಪ್ರಶ್ನೆ: ಎಷ್ಟು ದಿನದ ದಾಖಲೆಯನ್ನು ನೋಡಿ ಹೇಳುತ್ತಿದ್ದೀರಿ?

ಕೊನೆಯದಾಗಿ ಹಣದ ಮಾತು. ಸೋರಿಕೆಯನ್ನು ತಿಳಿಸದ ಕಂಪನಿಗೆ 200 ಕೋಟಿ ರೂಪಾಯಿಯವರೆಗೆ ದಂಡ ಹಾಕಲು ಹೊಸ ಕಾಯಿದೆಯಲ್ಲಿ ಅವಕಾಶವಿದೆ. ಕೇಳಲು ಬಹಳ ಚೆನ್ನಾಗಿದೆ. ಆದರೆ ಆ ದಂಡ ಹೋಗುವುದು ಭಾರತದ ಸಂಚಿತ ನಿಧಿಗೆ. ಹಣ ಕಳೆದುಕೊಂಡ ಕಾರ್ಮಿಕನಿಗೆ ಅದರಲ್ಲಿ ಒಂದು ಕಾಸೂ ಇಲ್ಲ. ಮೇಲಾಗಿ, ಅಜಾಗರೂಕ ಕಂಪನಿಯಿಂದ ಪರಿಹಾರ ಕೇಳಲು ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿದ್ದ 43ಎ ಕಲಮನ್ನೂ ಇದೇ ಕಾಯಿದೆ ತೆಗೆದುಹಾಕುತ್ತದೆ. ಅದಕ್ಕೂ 2027ರ ಮೇ ತಿಂಗಳೇ ಗಡುವು. ನಷ್ಟ ನಮ್ಮದು, ದಂಡ ಸರ್ಕಾರದ್ದು. ಇದು ಯಾವ ನ್ಯಾಯ?

ಕಾನೂನು ಬಿಟ್ಟ ಜಾಗವನ್ನು ಸಂಘ ತುಂಬಬೇಕು. ಮುಂದಿನ ಒಪ್ಪಂದದ ಮಾತುಕತೆಯಲ್ಲಿ ಬೋನಸ್ಸು, ತುಟ್ಟಿಭತ್ಯದ ಜೊತೆಗೆ ಮೂರು ಬೇಡಿಕೆಗಳು ಸೇರಲಿ. ಸೋರಿಕೆ ತಿಳಿದ 24 ಗಂಟೆಯೊಳಗೆ ಮೂರು ಪಾಳಿಗಳಿಗೂ ಕನ್ನಡದಲ್ಲಿ ನೋಟೀಸು. ಸೋರಿಕೆಯ ಸಮಿತಿಯಲ್ಲಿ ಸಂಘದ ಒಬ್ಬ ಪ್ರತಿನಿಧಿ. ಸೋರಿಕೆಯಿಂದ ಕಾರ್ಮಿಕನ ಖಾತೆಯ ಹಣ ಹೋದರೆ ಕಂಪನಿಯೇ ತುಂಬಿಕೊಡುವ ಲಿಖಿತ ಮಾತು. ನಮ್ಮ ಹೆಸರು, ನಮ್ಮ ಬೆರಳು, ನಮ್ಮ ಖಾತೆಗಳನ್ನು ಕೆಲಸಕ್ಕೆ ಸೇರುವ ದಿನವೇ ಕೇಳಿ ಬರೆಸಿಕೊಂಡವರು, ಅವು ಕಳುವಾದ ದಿನವೇ ನಮಗೆ ತಿಳಿಸುವುದು ಉಪಕಾರವಲ್ಲ, ಸಾಲ ತೀರಿಸುವುದು.