‘ಮಾರ್ಕೆಟ್ ರೇಟು’ ಅಂದರೆ ಯಾರ ರೇಟು?

ಚನ್ನಪಟ್ಟಣದ ಕಡೆ ಲಾರಿ ಬಾಡಿಗೆ ಕೇಳಿದರೆ ಬ್ರೋಕರ್‌ಗಳು ಹೇಳುವ ಮಾತು ಒಂದೇ: "ಮಾರ್ಕೆಟ್ ರೇಟು ಸಾರ್, ಬೇಕಾದ್ರೆ ಬೇರೆ ಕಡೆ ವಿಚಾರಿಸಿ." ಬೇರೆ ಕಡೆ ವಿಚಾರಿಸಿದರೂ ಇದೇ ಉತ್ತರ ಬರುತ್ತದೆ. ಈಗ ಇದಕ್ಕೆ ಇನ್ನೊಂದು ಸೇರಿದೆ: "ಆ್ಯಪ್‌ನಲ್ಲೂ ಅಷ್ಟೇ ತೋರಿಸ್ತದೆ ನೋಡಿ." ಈ ಮಾರ್ಕೆಟ್ ರೇಟನ್ನು ಕಟ್ಟಿದವರು ಯಾರು, ಯಾವ ಲೆಕ್ಕದ ಮೇಲೆ ಕಟ್ಟಿದರು ಎಂದು ಕೇಳುವವರಿಲ್ಲ. ಈ ಬರಹ ಆ ಪ್ರಶ್ನೆಗಾಗಿ.

2025ರ ಮಾವಿನ ಕಾಲ ನಿಮಗೆ ನೆನಪಿರುತ್ತದೆ. ತೋತಾಪುರಿ ಕಿಲೋಗೆ ಐದಾರು ರೂಪಾಯಿಗೆ ಬಿದ್ದಿತ್ತು. ಜೂನ್ 7ರಂದು ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಒಳಗೆ ಬರಬಾರದೆಂದು ಆದೇಶ ಹೊರಡಿಸಿತು. ನಮ್ಮ ಮುಖ್ಯಮಂತ್ರಿ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು, ನಾವೆಲ್ಲ ಅದನ್ನು ಸುದ್ದಿ ಮಾಡಿದೆವು. ಬೆಲೆ ಕುಸಿತದ ಬಗ್ಗೆ ನಾನೂ ನಾಲ್ಕು ವರದಿ ಕಳಿಸಿದೆ. ಆದರೆ ಆ ಐದಾರು ರೂಪಾಯಿಯಲ್ಲಿ ಲಾರಿ ಬಾಡಿಗೆಗೆ ಎಷ್ಟು ಹೋಯಿತು ಅಂತ ಒಂದು ಸಾಲೂ ಬರೆಯಲಿಲ್ಲ. ಅದು ನನ್ನ ತಪ್ಪು, ಈಗ ಬರೆಯುತ್ತಿದ್ದೇನೆ.

ಆ ಜೂನ್‌ನಲ್ಲಿ ನನಗೆ ಪರಿಚಯದ, ತೋಟಗಳನ್ನು ಫಸಲು ಗುತ್ತಿಗೆಗೆ ಹಿಡಿಯುವ ಅಣ್ಣ ಒಬ್ಬರು ಚನ್ನಪಟ್ಟಣದ ಪಕ್ಕದ ಹಳ್ಳಿಯಿಂದ 9 ಟನ್ ತೋತಾಪುರಿಯನ್ನು ಕೃಷ್ಣಗಿರಿಯ ತಿರುಳು ಫ್ಯಾಕ್ಟರಿಯೊಂದಕ್ಕೆ ಕಳಿಸಿದರು. ಗೇಟಿನಲ್ಲಿ ಕಿಲೋಗೆ 6 ರೂಪಾಯಿ, ಒಟ್ಟು 54,000. ಆರು ಚಕ್ರದ ಲಾರಿಗೆ ಬ್ರೋಕರ್ ಹೇಳಿದ್ದು 22,000. ಕಾಯಿ ಕಿತ್ತು ರಾಶಿ ಹಾಕಿಯಾಗಿತ್ತು, ಮೋಡ ಕವಿದಿತ್ತು. "ಆಯ್ತು" ಅಂದುಬಿಟ್ಟರು.

ನಾನೂ ಅವತ್ತು ಅಲ್ಲಿದ್ದೆ. ಲೋಡಾಗುವಾಗ ಡ್ರೈವರ್ ಜೊತೆ ಟೀ ಕುಡಿಯುತ್ತ ಬಾಡಿಗೆ ಎಷ್ಟಾಯ್ತು ಅಂತ ಕೇಳಿದೆ. "ಓನರ್‌ಗೆ ಹೇಳಿರೋದು ಹದಿನೈದೂವರೆ ಸಾವಿರ ಅಣ್ಣ" ಅಂದ. ನಡುವಿನ ಆರೂವರೆ ಸಾವಿರ ಎಲ್ಲಿಗೆ ಹೋಯಿತೆಂದು ಅವನಿಗೂ ಗೊತ್ತಿಲ್ಲ, ಕಾಯಿ ಕಳಿಸುವವರಿಗೂ ಗೊತ್ತಿಲ್ಲ. ಕಿಲೋಗೆ 72 ಪೈಸೆ ಅದು. ಆರು ರೂಪಾಯಿಯ ಕಾಯಿಗೆ 72 ಪೈಸೆ ಸಣ್ಣ ಮೊತ್ತವಲ್ಲ.

ಹಾಗಾದರೆ ನ್ಯಾಯವಾದ ಬಾಡಿಗೆ ಎಷ್ಟು? ಅದನ್ನು ಪಕ್ಕದವರನ್ನು ಕೇಳಿ ತಿಳಿಯಲು ಆಗುವುದಿಲ್ಲ, ಯಾಕೆಂದರೆ ಪಕ್ಕದವರಿಗೂ ಬ್ರೋಕರ್‌ನೇ ಹೇಳಿರುತ್ತಾನೆ. ಲಾರಿಯ ಖರ್ಚಿನಿಂದಲೇ ಶುರು ಮಾಡಬೇಕು. ಆಮೇಲೆ ಇಬ್ಬರು ಲಾರಿ ಮಾಲೀಕರ ಜೊತೆ ಕೂತು ಹಾಕಿದ ಲೆಕ್ಕ ಇದು. ನಿಮ್ಮ ದಾರಿಗೆ, ನಿಮ್ಮ ಗಾಡಿಗೆ ಅಂಕಿ ಬದಲಾಗುತ್ತದೆ, ಹಾಕುವ ಕ್ರಮ ಬದಲಾಗುವುದಿಲ್ಲ.

ರಾಮನಗರ, ಹಾರೋಹಳ್ಳಿ, ಆನೇಕಲ್, ಹೊಸೂರು ಮೇಲೆ ಕೃಷ್ಣಗಿರಿಗೆ 150 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಲೋಡಿನಲ್ಲಿ ಲೀಟರಿಗೆ 5 ಕಿಲೋಮೀಟರ್ ಕೊಟ್ಟರೆ 30 ಲೀಟರ್ ಡೀಸೆಲ್, 91 ರೂಪಾಯಿಯಂತೆ 2,730. ವಾಪಸ್ ಖಾಲಿ ಬಂದರೆ 25 ಲೀಟರ್, 2,275. ಟೋಲ್ ಎರಡೂ ಕಡೆಗೆ 1,200. ಟೈರು, ಸರ್ವೀಸು ಕಿಲೋಮೀಟರಿಗೆ 4 ರೂಪಾಯಿಯಂತೆ 300 ಕಿಲೋಮೀಟರಿಗೆ ಇನ್ನೊಂದು 1,200. ಮಧ್ಯಾಹ್ನ ಲೋಡು, ರಾತ್ರಿ ಓಟ, ಮಾರನೇ ದಿನ ಅನ್‌ಲೋಡು ಅಂದರೆ ಎರಡು ದಿನ. ಡ್ರೈವರ್, ಕ್ಲೀನರ್ ಬಾಟಾ 2,000. ಕೊನೆಗೆ ಗಾಡಿಯ ದಿನದ ಖರ್ಚು, ಅಂದರೆ ಸಾಲದ ಕಂತು, ಇನ್ಶೂರೆನ್ಸ್, ತೆರಿಗೆ. ಇವು ಗಾಡಿ ಓಡಲಿ ನಿಲ್ಲಲಿ ತಪ್ಪುವುದಿಲ್ಲ. ದಿನಕ್ಕೆ 2,500ರಂತೆ 5,000. ಎಲ್ಲಾ ಸೇರಿ 14,405.

ಈ ಲೆಕ್ಕದಲ್ಲಿ ಒಂದು ಸಂಗತಿ ಗಮನಿಸಿ. ಡೀಸೆಲ್ ಎರಡೂ ಕಡೆ ಸೇರಿ 5,005. ಗಾಡಿಯ ದಿನದ ಖರ್ಚು ಮತ್ತು ಬಾಟಾ ಸೇರಿ 7,000. ಅಂದರೆ ಸುಮಾರು ಅರ್ಧ ಬಾಡಿಗೆ ಸಮಯಕ್ಕೆ ಹೋಗುತ್ತದೆ, ದೂರಕ್ಕಲ್ಲ. ನಮ್ಮ ತಾಲ್ಲೂಕುಗಳಿಂದ ಹೊರಡುವ ಎಷ್ಟೋ ಲೋಡುಗಳು ಇಂಥ ನೂರಿನ್ನೂರು ಕಿಲೋಮೀಟರಿನವು. "ಕಿಲೋಮೀಟರಿಗೆ ಇಷ್ಟು" ಅನ್ನುವ ರೇಟು ಮುಂಬೈ, ದೆಹಲಿಗೆ ಹೋಗುವ ಗಾಡಿಗೆ ಸರಿ. ಸಣ್ಣ ದೂರಕ್ಕೆ ಅದು ದಾರಿ ತಪ್ಪಿಸುತ್ತದೆ. ಡೀಸೆಲ್ ಎರಡು ರೂಪಾಯಿ ಏರಿತು ಅಂತ ಎರಡು ಸಾವಿರ ಹೆಚ್ಚಿಗೆ ಕೇಳಿದರೆ ನಂಬಬೇಡಿ. ಈ ಓಟಕ್ಕೆ ಬೇಕಾಗುವುದು 55 ಲೀಟರ್, ಏರಿದ್ದು 110 ರೂಪಾಯಿ. ಆದರೆ ಲೋಡು ಮಾಡಲು ನೀವೇ ಒಂದು ದಿನ ಪೂರ್ತಿ ತೆಗೆದುಕೊಂಡರೆ ಬಾಡಿಗೆ 3,500 ಏರುವುದು ನ್ಯಾಯವೇ.

ಎರಡನೆಯ ಸಂಗತಿ ರಿಟರ್ನ್ ಲೋಡು. ಗಾಡಿಗೆ ಇನ್ನೊಂದು ಕಡೆಯ ಬಾಡಿಗೆ ಖಾತ್ರಿ ಇದ್ದರೆ ಆ ಕಡೆಯ ಡೀಸೆಲ್, ಟೋಲ್, ಟೈರಿನ 3,475 ನಿಮ್ಮ ತಲೆಗೆ ಬರಬಾರದು. ಆಗ ಖರ್ಚು 10,930ಕ್ಕೆ ಇಳಿಯುತ್ತದೆ. ಮಾಲೀಕನಿಗೆ ಹತ್ತು ಹದಿನೈದು ಪರ್ಸೆಂಟ್ ಲಾಭ, ಬ್ರೋಕರ್‌ಗೆ ಒಂದು ಸಾವಿರ ಸೇರಿಸಿ. ರಿಟರ್ನ್ ಲೋಡು ಇದ್ದರೆ 13,000ದ ಆಸುಪಾಸು, ಇಲ್ಲದಿದ್ದರೆ ಹದಿನೇಳು, ಹದಿನೇಳೂವರೆ. ನ್ಯಾಯವಾದ ಬಾಡಿಗೆ ಅನ್ನುವುದು ಒಂದೇ ಅಂಕಿಯಲ್ಲ, ಈ ಎರಡರ ನಡುವೆ ಇರುತ್ತದೆ. ಎಲ್ಲಿ ನಿಲ್ಲುತ್ತದೆ ಅನ್ನುವುದು ಲಾರಿ ಎಲ್ಲಿಂದ ಬಂದಿದೆ, ಮುಂದೆ ಎಲ್ಲಿಗೆ ಹೋಗಬೇಕು ಅನ್ನುವುದರ ಮೇಲೆ.

ಆ ಡ್ರೈವರ್ ಹೊಸೂರಿನವನು. ಹಿಂದಿನ ದಿನ ಹಾರೋಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಮಾಲು ಇಳಿಸಿ, ಊರ ಕಡೆ ಹೋಗಲು ಲೋಡಿಗಾಗಿ ಕಾಯುತ್ತಿದ್ದ. ಅಂದರೆ ನಮ್ಮ ಅಣ್ಣನ ಮಾವೇ ಅವನಿಗೆ ರಿಟರ್ನ್ ಲೋಡು. ಹದಿಮೂರು ಸಾವಿರಕ್ಕೆ ಆಗಬೇಕಾದ ಕೆಲಸ. ಹದಿನೈದೂವರೆ ಸಿಕ್ಕಿತೆಂದು ಮಾಲೀಕ ಖುಷಿಯಾಗಿದ್ದ, ಕಾಯಿಯವರು ಇಪ್ಪತ್ತೆರಡು ಕೊಟ್ಟರು. "ಗಾಡಿ ಎಲ್ಲಿಂದ ಬರ್ತಿದೆ?" ಅನ್ನುವ ಒಂದು ಪ್ರಶ್ನೆಯನ್ನು ಅಡ್ವಾನ್ಸ್ ಕೊಡುವ ಮೊದಲು ಕೇಳಿದ್ದರೆ ಮಾತು ಬೇರೆ ಇರುತ್ತಿತ್ತು.

ಬ್ರೋಕರ್ ಉತ್ತರ ಕೊಡದಿದ್ದರೆ ಪರೀಕ್ಷಿಸಲು ಒಂದು ದಾರಿ ಇದೆ. ಬೇರೊಬ್ಬರ ಫೋನಿನಿಂದ, ಅದೇ ದಿನ, ಅದೇ ಗಾಡಿಗೆ ಉಲ್ಟಾ ದಾರಿಯ ಬಾಡಿಗೆ ಕೇಳಿ, ಕೃಷ್ಣಗಿರಿಯಿಂದ ಚನ್ನಪಟ್ಟಣಕ್ಕೆ. ಅದು ನಿಮ್ಮ ರೇಟಿಗಿಂತ ತುಂಬಾ ಹೆಚ್ಚಿದ್ದರೆ ಗಾಡಿಗಳಿಗೆ ಅಲ್ಲಿಗೆ ಹೋಗುವ ಅವಸರ ಇದೆ ಎಂದರ್ಥ, ನೀವು ಚೌಕಾಸಿ ಮಾಡಬಹುದು. ತುಂಬಾ ಕಡಿಮೆ ಇದ್ದರೆ ಅಲ್ಲಿ ಗಾಡಿ ಖಾಲಿ ನಿಂತಿವೆ, ವಾಪಸಿನ ಖರ್ಚನ್ನು ನಿಮ್ಮಿಂದ ಕೇಳುವುದು ನ್ಯಾಯ.

ಇನ್ನು ಆ್ಯಪ್‌ಗಳ ಮಾತು. ಲಾರಿಗೆ ಲೋಡು ಹುಡುಕಿಕೊಡುವ ಬ್ಲ್ಯಾಕ್‌ಬಕ್ 2015ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿ 2024ರ ನವೆಂಬರ್‌ನಲ್ಲಿ ಷೇರುಪೇಟೆಗೂ ಹೋಯಿತು. ಇಂಥವು ಇನ್ನೂ ಇವೆ. ಬ್ರೋಕರ್ ಆಟ ಮುಗಿಯಿತು ಅಂತ ನಾವು ಪತ್ರಕರ್ತರೇ ಬರೆದೆವು. ಮುಗಿದಿಲ್ಲ. ಅಣ್ಣನ ಮಗ ಇದೇ ಲೋಡನ್ನು ಒಂದು ಆ್ಯಪ್‌ಗೆ ಹಾಕಿದ್ದ. ಅರ್ಧ ಗಂಟೆಯಲ್ಲಿ ಐದು ಕರೆ ಬಂದವು, ಮೂರು ಬ್ರೋಕರ್‌ಗಳವೇ. ಒಂದಂತೂ ಊರಿನ ಅದೇ ಬ್ರೋಕರ್‌ನ ನಂಬರ್! ಅಲ್ಲಿ ಕಾಣುವ ರೇಟು ಲಾರಿ ಮಾಲೀಕ ಕೇಳಿದ್ದೇ ಆಗಬೇಕೆಂದಿಲ್ಲ, ನಡುವಿನವರು ಕೇಳಿದ್ದೂ ಇರಬಹುದು. ಕರೆ ಮಾಡಿದವರ ಬಳಿ ನಿಜವಾಗಿ ಗಾಡಿ ಇದೆಯೇ ಅಂತ ತಿಳಿಯಲು ಗಾಡಿ ನಂಬರ್ ಕೇಳಿ, mParivahan ನಲ್ಲಿ ಹಾಕಿ ನೋಡಿ. "ಅಡ್ವಾನ್ಸ್ ಹಾಕಿ, ಆಮೇಲೆ ನಂಬರ್" ಅಂದರೆ ಅವರು ನಿಮ್ಮ ರೇಟನ್ನು ಹಿಡಿದುಕೊಂಡು ಇನ್ನು ಮುಂದೆ ಗಾಡಿ ಹುಡುಕಲು ಹೊರಡುವವರು.

ಬ್ರೋಕರ್‌ಗಳು ಬೇಡವೆಂದು ನಾನು ಹೇಳುತ್ತಿಲ್ಲ. ರಾತ್ರಿ ಹತ್ತಕ್ಕೆ ಗಾಡಿ ತರಿಸುವವರು, ಡ್ರೈವರ್‌ಗೆ ಡೀಸೆಲ್ ದುಡ್ಡು ಕೈಯಿಂದ ಕೊಡುವವರು, ಗಾಡಿ ಕೆಟ್ಟರೆ ಇನ್ನೊಂದು ಕಳಿಸುವವರು ಅವರೇ. ಅದಕ್ಕೆ ಕೂಲಿ ಬೇಕು. ನನ್ನ ತಕರಾರು ಆ ಕೂಲಿಯನ್ನು ಮುಚ್ಚಿಡುವುದರ ಬಗ್ಗೆ. ನಮ್ಮ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಇ-ಹರಾಜು ಇದೆ, ಲಾಟು ಎಷ್ಟಕ್ಕೆ ಹೋಯಿತೆಂದು ಗೂಡು ತಂದ ರೈತನಿಗೆ ತಿಳಿಯುತ್ತದೆ. ಲಾರಿ ಬಾಡಿಗೆಯಲ್ಲಿ ಮಾತ್ರ ದುಡ್ಡು ಕೊಡುವವರಿಗೂ ಪಡೆಯುವವರಿಗೂ ಬೇರೆ ಬೇರೆ ಅಂಕಿ.

ಕಾನೂನು ಇಲ್ಲ ಅನ್ನುವಂತಿಲ್ಲ. 2007ರ ರಸ್ತೆ ಮೂಲಕ ಸಾಗಣೆ ಕಾಯ್ದೆ ಸಾಗಣೆದಾರ ಅನ್ನುವ ಮಾತಿನೊಳಗೆ ಬ್ರೋಕರ್, ಬುಕಿಂಗ್ ಏಜೆಂಟರನ್ನೂ ಸೇರಿಸಿದೆ. ನೋಂದಣಿ ಇರಬೇಕು, ಸರಕಿಗೆ ರಸೀದಿ ಕೊಡಬೇಕು. ನಮ್ಮ ಕಡೆ ಸಿಗುವುದು ಸಿಗರೇಟ್ ಪ್ಯಾಕಿನ ಹಿಂದೆ ಬರೆದ ಫೋನ್ ನಂಬರ್. ಆಟೋ ಮೀಟರಿನ ಹಾಗೆ ಲಾರಿಗೂ ಸರ್ಕಾರ ದರ ಕಟ್ಟಲಿ ಅನ್ನುವವರಿದ್ದಾರೆ. ಒಪ್ಪುವುದಿಲ್ಲ. ಹದಿಮೂರು, ಹದಿನೇಳು ಎರಡೂ ನ್ಯಾಯವಾಗಿರುವಾಗ ಒಂದು ದರ ಕಟ್ಟಿದರೆ ಯಾರಿಗೋ ಮೋಸವಾಗುತ್ತದೆ. ಬೇಕಿರುವುದು ಇಷ್ಟೇ: ಬಿಲ್ಟಿಯ ಮೇಲೆ ಎರಡು ಸಾಲು. ಲಾರಿ ಮಾಲೀಕನಿಗೆ ಎಷ್ಟು, ಬ್ರೋಕರ್‌ಗೆ ಅಥವಾ ಆ್ಯಪ್‌ಗೆ ಎಷ್ಟು. ಇದನ್ನು ಕಡ್ಡಾಯ ಮಾಡಲು ಸಾರಿಗೆ ಇಲಾಖೆಗೆ ಏನು ಕಷ್ಟ?

ಅಣ್ಣನ ಕಥೆ ಇಪ್ಪತ್ತೆರಡಕ್ಕೇ ಮುಗಿಯಲಿಲ್ಲ. ಫ್ಯಾಕ್ಟರಿ ಗೇಟಿನ ಕ್ಯೂನಲ್ಲಿ ಲಾರಿ ಎರಡು ದಿನ ಹೆಚ್ಚಿಗೆ ನಿಂತಿತು. ದಿನಕ್ಕೆ 3,500ರಂತೆ 7,000 ಹಾಲ್ಟಿಂಗ್ ಕೊಡದೆ ಅನ್‌ಲೋಡ್ ಮಾಡುವುದಿಲ್ಲ ಅಂದರು. ಮೇಲಿನ ಲೆಕ್ಕ ನೋಡಿ, ದಿನದ ಖರ್ಚು ಮತ್ತು ಬಾಟಾ ಸೇರಿದರೆ ಅಷ್ಟೇ ಆಗುತ್ತದೆ. ಡ್ರೈವರ್ ಕೇಳಿದ್ದು ಅನ್ಯಾಯವಲ್ಲ. ಅನ್ಯಾಯವೆಂದರೆ ಗೇಟಿನಲ್ಲಿ ಕ್ಯೂ ಇದೆ ಅಂತ ಗೊತ್ತಿದ್ದೂ ಬ್ರೋಕರ್ ಬಾಯಿ ಬಿಡದಿದ್ದದ್ದು. 54,000ದಲ್ಲಿ 29,000 ಲಾರಿಗೆ ಹೋಯಿತು. ಉಳಿದ 25,000ದಲ್ಲಿ ಕೀಳುವ ಕೂಲಿ, ಹಮಾಲಿ, ತೋಟದ ಗುತ್ತಿಗೆ.

ಈ ಸಲ ಅವರು ಒಂದು ಹಾಳೆ ಮಾಡಿಟ್ಟುಕೊಂಡಿದ್ದಾರೆ. ತೂಕ, ಲೋಡಿಗೆ ಎಷ್ಟು ಗಂಟೆ, ಹಮಾಲಿ ಯಾರದ್ದು, ಎಷ್ಟು ಹೊತ್ತು ಹಾಲ್ಟಿಂಗ್ ಇಲ್ಲ, ಆಮೇಲೆ ದಿನಕ್ಕೆ ಎಷ್ಟು, ಗಾಡಿ ನಂಬರ್, ಎಲ್ಲಿಂದ ಬರ್ತಿದೆ. ಮೂವರಿಗೆ ಒಂದೇ ಗಂಟೆಯೊಳಗೆ ಇದನ್ನೇ ಓದಿ ಹೇಳಿ ರೇಟು ಕೇಳುತ್ತಾರಂತೆ. ಕಳೆದ ವಾರ ಫೋನ್ ಮಾಡಿದ್ದೆ. "ಒಬ್ಬ ಬೇಜಾರು ಮಾಡ್ಕೊಂಡು ಇಟ್ಟುಬಿಟ್ಟ ಕಣಪ್ಪಾ, ಇನ್ನಿಬ್ಬರು ಹೇಳಿದ್ರು" ಅಂದರು.